ತೊಲೆಯ ತುದಿಯಲ್ಲಿ ಒತ್ತಾಗಿ, ನಡುವೆ ವಿರಳವಾಗಿ

ನಾಲ್ಕು ಹಲಗೆಗಳಿವೆ ಎಂದಿಟ್ಟುಕೊಳ್ಳಿ. ಎಲ್ಲವೂ 30 ಮಿ.ಮೀ. ದಪ್ಪ, ನಾಲ್ಕು ಮೀಟರ್ ಉದ್ದ. ಎರಡು ಹಲಗೆಗಳ ಅಗಲ 140 ಮಿ.ಮೀ., ಇನ್ನೆರಡರದು 160 ಮಿ.ಮೀ. ಅಗಲ ಕಡಿಮೆಯಿರುವ ಎರಡನ್ನು ಅಂಚಿನ ಮೇಲೆ ಎದುರುಬದುರಾಗಿ ನಿಲ್ಲಿಸಿ, ಉಳಿದೆರಡನ್ನು ಮೇಲೊಂದು ಕೆಳಗೊಂದು ಮಲಗಿಸಿದರೆ 160 ಮಿ.ಮೀ. ಅಗಲ, 200 ಮಿ.ಮೀ. ಎತ್ತರದ ಪೊಳ್ಳು ತೊಲೆಯಾಗುತ್ತದೆ. ಎಂಜಿನಿಯರುಗಳು ಇದನ್ನು ಬಾಕ್ಸ್ ಬೀಮ್ ಎನ್ನುತ್ತಾರೆ. ಎರಡು ಗೋಡೆಗಳ ಮೇಲೆ ಅದರ ತುದಿಗಳನ್ನು ಕೂರಿಸಿ, ಮೇಲೆ ಅಟ್ಟ ಹಾಕಿ, ಮೀಟರಿಗೆ 200 ಕೆ.ಜಿ.ಯಂತೆ ಒಟ್ಟು 800 ಕೆ.ಜಿ. ಭಾರ ಹೇರೋಣ.

ಮೊದಲು ಹಲಗೆಗಳಿಗೆ ಒಂದೂ ಸ್ಕ್ರೂ ಹಾಕಿಲ್ಲ, ಬಿಡಿಬಿಡಿಯಾಗಿ ಬೀಳದಿರಲೆಂದು ಅಲ್ಲಲ್ಲಿ ಹಗ್ಗ ಸುತ್ತಿದೆ, ಅಷ್ಟೇ. ಕಟ್ಟಡಕ್ಕೆ ಬಳಸುವ ಸಾಧಾರಣ ಮರವಾದರೆ ತೊಲೆ ನಡುವಿನಲ್ಲಿ ಸುಮಾರು 46 ಮಿ.ಮೀ. ಜೋತು ಬೀಳುತ್ತದೆ. ಅದೇ ಹಲಗೆಗಳನ್ನು ಒಂದಿನಿತೂ ಅಲುಗದಂತೆ ಅಂಟಿಸಿಬಿಟ್ಟರೆ ಜೋಲು ಬರೀ 8 ಮಿ.ಮೀ.ಗೆ ಇಳಿಯುತ್ತದೆ. ಮರ ಅದೇ, ತೂಕ ಅದೇ, ಭಾರವೂ ಅದೇ. ಬಾಗುವಿಕೆಯಿಂದ ಮರದೊಳಗೆ ಹುಟ್ಟುವ ಒತ್ತಡವೂ ನಾಲ್ಕರಲ್ಲಿ ಒಂದು ಪಾಲಿಗೆ ಬರುತ್ತದೆ. ಈ ಎರಡು ಸ್ಥಿತಿಗಳ ನಡುವಿನ ಅಂತರವನ್ನೆಲ್ಲ ತುಂಬಬೇಕಾದದ್ದು ಹಲಗೆಗಳ ಕೂಡುಗೆರೆಯಲ್ಲಿ ಕೂತ ಸ್ಕ್ರೂಗಳು. ಎಷ್ಟು ಸ್ಕ್ರೂ ಬೇಕು, ಎಷ್ಟೆಷ್ಟು ದೂರಕ್ಕೆ ಬೇಕು ಎಂಬುದನ್ನು ಕಣ್ಣಂದಾಜಿನಲ್ಲಿ ಮಾಡುವವರೇ ಹೆಚ್ಚು. ಆದರೆ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ.

ದಪ್ಪ ನೋಟ್‌ಬುಕ್ಕೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಓರೆಯಾಗುತ್ತದೆ. ಬಿಡಿ ಹಲಗೆಗಳ ತೊಲೆಯಲ್ಲಿ ಆಗುವುದೂ ಇದೇ. ಭಾರ ಬಿದ್ದು ತೊಲೆ ಬಾಗಿದಾಗ ನಿಂತ ಹಲಗೆಯ ಮೇಲಂಚು ಗಿಡ್ಡವಾಗಲು ನೋಡುತ್ತದೆ, ಅದರ ಮೇಲೆ ಮಲಗಿದ ಹಲಗೆಯ ತಳಭಾಗ ಉದ್ದವಾಗಲು ನೋಡುತ್ತದೆ. ಎರಡೂ ತಾಗಿಕೊಂಡಿರುವ ಜಾಗದಲ್ಲೇ ಈ ಎಳೆದಾಟ ನಡೆಯುವುದರಿಂದ ಹಲಗೆಗಳು ಉದ್ದುದ್ದಕ್ಕೆ ಜಾರುತ್ತವೆ. ಈ ಜಾರುವಿಕೆಯನ್ನು ತಡೆಯುವುದೇ ಸ್ಕ್ರೂವಿನ ಕೆಲಸ. ಮೇಲಿನ ಹಲಗೆ ಹಾರಿಹೋಗದಂತೆ ಸ್ಕ್ರೂ ಅದನ್ನು ಕೆಳಕ್ಕೆ ಹಿಡಿದುಕೊಂಡಿದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಅದು ಚಿಕ್ಕ ಕೆಲಸ. ಸ್ಕ್ರೂವಿನ ನಿಜವಾದ ದುಡಿಮೆ ತೊಲೆಯ ಉದ್ದಕ್ಕೆ, ಅಡ್ಡಡ್ಡವಾಗಿ.

ಜಾರುವ ಬಲ ಎಷ್ಟು ಎಂದು ತಿಳಿಯಲು ತೊಲೆಯ ಒಂದು ಚಿಕ್ಕ ತುಂಡನ್ನು ಮನಸ್ಸಿನಲ್ಲೇ ಕತ್ತರಿಸಿಕೊಳ್ಳಬೇಕು. ಗೋಡೆಯ ಅಂಚಿನಿಂದ ಮೊದಲ ಹತ್ತು ಸೆಂಟಿಮೀಟರ್ ತೆಗೆದುಕೊಳ್ಳೋಣ. ತೊಲೆಯ ತುತ್ತತುದಿಯಲ್ಲಿ ಬಾಗಿಸುವ ಬಲ ಸೊನ್ನೆ, ಹಾಗಾಗಿ ಅಲ್ಲಿ ಮೇಲಿನ ಹಲಗೆಯೊಳಗೆ ಯಾವ ಒತ್ತಡವೂ ಇಲ್ಲ. ಹತ್ತು ಸೆಂ.ಮೀ. ಒಳಗೆ ಬಂದರೆ ಬಾಗುವಿಕೆ ಆಗಲೇ ಶುರುವಾಗಿದೆ. ನಮ್ಮ ತೊಲೆಯಲ್ಲಿ ಆ ಜಾಗದಲ್ಲಿ ಮೇಲಿನ ಹಲಗೆಯನ್ನು ಉದ್ದುದ್ದಕ್ಕೆ ಅಮುಕುವ ಬಲ ಸುಮಾರು 190 ಕೆ.ಜಿ. ಅಂದರೆ ಈ ಚಿಕ್ಕ ತುಂಡು ಹಲಗೆಯ ಒಂದು ಕೊನೆಯಲ್ಲಿ ಏನೂ ಇಲ್ಲ, ಇನ್ನೊಂದು ಕೊನೆಯಲ್ಲಿ 190 ಕೆ.ಜಿ. ತಳ್ಳು. ಹಾಗಿದ್ದರೂ ಅದು ಕದಲದೆ ನಿಂತಿದೆ. ಹಾಗಾದರೆ ಆ 190 ಕೆ.ಜಿ.ಗೆ ಎದುರು ನಿಂತವರು ಯಾರು? ಹಲಗೆಯ ಮೇಲ್ಮುಖದಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲ, ಪಕ್ಕದಲ್ಲೂ ಏನೂ ಇಲ್ಲ. ಉಳಿದದ್ದು ಕೆಳಗಿನ ಎರಡು ಕೂಡುಗೆರೆಗಳು ಮಾತ್ರ. ಆ ಹತ್ತು ಸೆಂ.ಮೀ. ಒಳಗೆ ಬಿದ್ದಿರುವ ಸ್ಕ್ರೂಗಳೇ ಇಷ್ಟನ್ನೂ ಹೊರಬೇಕು.

ಈಗ ಅಲ್ಲಿಂದ ಎದ್ದು ತೊಲೆಯ ನಡುಮಧ್ಯಕ್ಕೆ ಬನ್ನಿ. ಅಲ್ಲಿ ಬಾಗುವಿಕೆ ಎಲ್ಲಕ್ಕಿಂತ ಹೆಚ್ಚು. ಮೇಲಿನ ಹಲಗೆಯೊಳಗಿನ ತಳ್ಳು 1,950 ಕೆ.ಜಿ. ಹತ್ತಿರಕ್ಕೆ ಏರಿದೆ. ಜೋರು ಬಲ ಇರುವಲ್ಲಿ ಸ್ಕ್ರೂವೂ ಜೋರಾಗಿಯೇ ಬೇಕು ಎನ್ನಿಸುವುದು ಸಹಜ. ಆದರೆ ನಡುವಿನಿಂದ ಹತ್ತು ಸೆಂ.ಮೀ. ಪಕ್ಕಕ್ಕೆ ಸರಿದು ನೋಡಿದರೂ ತಳ್ಳು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ವ್ಯತ್ಯಾಸ ಐದು ಕೆ.ಜಿ. ಮಾತ್ರ. ತುಂಡಿನ ಎರಡು ಕೊನೆಗಳಲ್ಲೂ ಬಲ ಸುಮಾರಾಗಿ ಸಮವಿದ್ದರೆ ಅವು ಒಂದನ್ನೊಂದು ತಡೆದುಕೊಳ್ಳುತ್ತವೆ, ಸ್ಕ್ರೂಗಳ ಪಾಲಿಗೆ ಉಳಿಯುವುದು ಆ ಐದು ಕೆ.ಜಿ. ಗೋಡೆಯ ಬಳಿ 190, ನಡುವೆ 5. ಸ್ಕ್ರೂವಿಗೆ ಹಲಗೆಯೊಳಗಿನ ಬಲ ಎಷ್ಟು ಎಂಬುದು ಲೆಕ್ಕವಲ್ಲ, ಆ ಬಲ ಎಷ್ಟು ಬೇಗ ಬದಲಾಗುತ್ತಿದೆ ಎಂಬುದೇ ಲೆಕ್ಕ. ತೊಲೆಯ ವಿಚಾರದಲ್ಲಿ ಜನರಿಗೆ ಇದಕ್ಕಿಂತ ಅಡ್ಡಗಟ್ಟುವ ಸಂಗತಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಮನೆ ಕಟ್ಟುವ ಕಡೆ ನೋಡಿದರೆ ತೊಲೆ ಮುರಿಯುವುದು ನಡುವೆಯೇ ಎಂಬ ನಂಬಿಕೆಯಿಂದ ನಡುವೆ ಎರಡು ಸ್ಕ್ರೂ ಹೆಚ್ಚಿಗೆ ಬಿಗಿದಿರುತ್ತಾರೆ. ಅವು ಅಲ್ಲಿ ಬಹುಮಟ್ಟಿಗೆ ಸುಮ್ಮನೆ ಕೂತಿರುತ್ತವೆ.

ಹೀಗೆ ತೊಲೆಯ ಉದ್ದದ ಪ್ರತಿ ಮಿ.ಮೀ.ಗೂ ಕೂಡುಗೆರೆಯ ಮೂಲಕ ದಾಟುವ ಬಲಕ್ಕೆ ಶಿಯರ್ ಫ್ಲೋ ಎನ್ನುತ್ತಾರೆ. ಸೂತ್ರ ಚಿಕ್ಕದು:

q = VQ/I

ಇದರಲ್ಲಿ V ಎಂದರೆ ಆ ಜಾಗದಲ್ಲಿ ತೊಲೆಯನ್ನು ಅಡ್ಡಕ್ಕೆ ಕತ್ತರಿಸಲು ನೋಡುವ ಬಲ, ಅಂದರೆ ಶಿಯರ್. ನಮ್ಮ ತೊಲೆಯಲ್ಲಿ ಅದು ಗೋಡೆಯ ಬಳಿ ಒಟ್ಟು ಭಾರದ ಅರ್ಧ, 400 ಕೆ.ಜಿ. ಅಲ್ಲಿಂದ ಒಂದೇ ಸಮನೆ ಇಳಿದು ನಡುವೆ ಸೊನ್ನೆಯಾಗುತ್ತದೆ. I ಎಂಬುದು ಇಡೀ ಪೆಟ್ಟಿಗೆಯ ಆಕಾರ ಬಾಗುವಿಕೆಗೆ ಒಡ್ಡುವ ತಡೆಯ ಅಳತೆ. ಹೊರಗಿನ ಆಯತದಿಂದ ಒಳಗಿನ ಪೊಳ್ಳನ್ನು ಕಳೆದರೆ ಸಿಗುತ್ತದೆ, ಇಲ್ಲಿ 8.38 ಕೋಟಿ mm⁴. ಉಳಿದದ್ದು Q. ಯಾವ ಹಲಗೆ ಜಾರುತ್ತದೋ ಎಂದು ನಾವು ಕೇಳುತ್ತಿದ್ದೇವೋ ಆ ಹಲಗೆಯ ಅಡ್ಡಕೊಯ್ತದ ವಿಸ್ತೀರ್ಣವನ್ನು, ತೊಲೆಯ ನಡುಗೆರೆಯಿಂದ ಅದರ ಮಧ್ಯಕ್ಕಿರುವ ದೂರದಿಂದ ಗುಣಿಸಿದರೆ Q ಬಂತು. ಮೇಲಿನ ಹಲಗೆಗೆ 160 × 30 × 85, ಅಂದರೆ 4,08,000 mm³. ಎಲ್ಲವನ್ನೂ ಸೂತ್ರಕ್ಕೆ ಹಾಕಿದರೆ ಗೋಡೆಯ ಅಂಚಿನಲ್ಲಿ ಪ್ರತಿ ಮಿ.ಮೀ.ಗೆ 1.95 ಕೆ.ಜಿ. ಮೊದಲ ಹತ್ತು ಸೆಂ.ಮೀ.ಗೆ ನಾವು ಸುತ್ತುಬಳಸಿ ಕಂಡುಕೊಂಡ 190 ಕೆ.ಜಿ.ಗೂ ಇದಕ್ಕೂ ತಾಳೆಯಾಗುತ್ತದೆ.

ಸ್ಕ್ರೂಗಳ ಅಂತರಕ್ಕೆ ಇನ್ನು ಒಂದೇ ಹೆಜ್ಜೆ. ಮೇಲಿನ ಹಲಗೆ ಎರಡು ಗೆರೆಗಳಲ್ಲಿ ಕೂತಿದೆ, ಎಡಗಡೆಯ ನಿಂತ ಹಲಗೆಯ ಮೇಲೊಂದು ಸಾಲು, ಬಲಗಡೆಯದರ ಮೇಲೊಂದು ಸಾಲು. ಹಾಗಾಗಿ ಒಂದು ಸಾಲಿನ ಪಾಲಿಗೆ 0.97 ಕೆ.ಜಿ. ಬರುತ್ತದೆ. ನಾವು ಬಳಸುವ ಸ್ಕ್ರೂ ಅಡ್ಡಕ್ಕೆ 60 ಕೆ.ಜಿ. ಸುರಕ್ಷಿತವಾಗಿ ತಡೆಯುತ್ತದೆ ಎಂದಿಟ್ಟುಕೊಂಡರೆ, 60ನ್ನು 0.97ರಿಂದ ಭಾಗಿಸಿ, 61 ಮಿ.ಮೀ. ಚಿಲ್ಲರೆ. ಕೆಳಕ್ಕೆ ಇಳಿಸಿ 60 ಮಿ.ಮೀ. ಎನ್ನೋಣ. ಮೇಲಕ್ಕೆ ಏರಿಸುವ ಹಾಗಿಲ್ಲ. ಅಂತರ ಹೆಚ್ಚಾದರೆ ಒಂದೊಂದು ಸ್ಕ್ರೂವಿನ ಹೊರೆಯೂ ಹೆಚ್ಚುತ್ತದೆ.

ಇಲ್ಲಿ ಎಡವುವವರು ಬಹಳ. ತೊಲೆಗೆ ನಾಲ್ಕು ಮೂಲೆ, ನಾಲ್ಕು ಸಾಲು ಸ್ಕ್ರೂ. ಅದಕ್ಕೆ 1.95ನ್ನು ನಾಲ್ಕರಿಂದ ಭಾಗಿಸಿ 120 ಮಿ.ಮೀ. ಅಂತರ ಸಾಕು ಎಂದು ಬರೆದುಬಿಡುತ್ತಾರೆ. ಆಗ ಗೋಡೆಯ ಬಳಿಯ ಪ್ರತಿ ಸ್ಕ್ರೂವಿನ ಮೇಲೂ ಎರಡು ಪಟ್ಟು ಹೊರೆ. ಕೆಳಗಿನ ಎರಡು ಸಾಲು ಹಿಡಿದಿರುವುದು ಕೆಳಗಿನ ಹಲಗೆಯನ್ನು. ಅದಕ್ಕೂ ಇಷ್ಟೇ ಎಳೆತವಿದೆ, ಮೇಲಿನ ಹಲಗೆಗೆ ಅವುಗಳಿಂದ ಯಾವ ನೆರವೂ ಇಲ್ಲ. ತಪ್ಪದಿರಲು ಒಂದು ಸುಲಭ ಉಪಾಯವಿದೆ. Q ಲೆಕ್ಕಕ್ಕೆ ತೆಗೆದುಕೊಂಡ ಹಲಗೆಯನ್ನು ಕಲ್ಪನೆಯಲ್ಲಿ ತೊಲೆಯಿಂದ ಕಿತ್ತು ತೆಗೆಯಿರಿ. ಹಾಗೆ ಕೀಳುವಾಗ ಎಷ್ಟು ಸಾಲು ಸ್ಕ್ರೂ ಕತ್ತರಿಸಬೇಕಾಯಿತೋ ಅಷ್ಟರಿಂದ ಮಾತ್ರ ಭಾಗಿಸಬೇಕು. ಇನ್ನೊಂದು ತಪ್ಪೂ ಉಂಟು, ಅದು ಅಷ್ಟು ಅಪಾಯದ್ದಲ್ಲ: ಮೇಲಿನ ಹಲಗೆ ಮಾತ್ರ ಸಾಕಿರುವಲ್ಲಿ, ನಿಂತ ಹಲಗೆಗಳ ಮೇಲರ್ಧವನ್ನೂ ಸೇರಿಸಿ Q ಹಾಕುವುದು. ಆಗ Q 5,55,000ಕ್ಕೆ ಏರಿ, ಮೂರಕ್ಕೆ ನಾಲ್ಕರಂತೆ ಸ್ಕ್ರೂ ದಂಡವಾಗುತ್ತದೆ. ಆ ಸಂಖ್ಯೆ ಬೇಕಾಗುವುದು ನಿಂತ ಹಲಗೆಯ ನಡುಗೆರೆಯಲ್ಲಿ ಮರವೇ ಸೀಳುತ್ತದೆಯೇ ಎಂದು ನೋಡಲು, ಸ್ಕ್ರೂವಿಗಲ್ಲ.

ಗೋಡೆಯಿಂದ ಒಂದು ಮೀಟರ್ ಒಳಗೆ ಬಂದರೆ ಶಿಯರ್ ಅರ್ಧಕ್ಕಿಳಿದು 200 ಕೆ.ಜಿ. ಆಗಿರುತ್ತದೆ, ಅಲ್ಲಿ 120 ಮಿ.ಮೀ.ಗೆ ಒಂದು ಸ್ಕ್ರೂ ಸಾಕು. ಇಡೀ ತೊಲೆಗೂ 60 ಮಿ.ಮೀ. ಅಂತರವನ್ನೇ ಇಟ್ಟರೆ ಸುಮಾರು 264 ಸ್ಕ್ರೂ ಬೇಕಾಗುತ್ತದೆ. ತುದಿಯ ಮೊದಲ ಮೀಟರಿಗೆ 60, ಆಮೇಲೆ ನಡುವಿನ ತನಕ 120 ಎಂದು ಬದಲಾಯಿಸಿದರೆ ಸುಮಾರು 200. ಮರದ ತೊಲೆಗೆ ಅರವತ್ತು ಸ್ಕ್ರೂ ಉಳಿದರೆ ಏನು ಮಹಾ ಎನ್ನಬಹುದು. ಕಬ್ಬಿಣದ ಸೇತುವೆಗೆ ಹಾಗೆನ್ನಲು ಬರುವುದಿಲ್ಲ.

ಈ ಲೆಕ್ಕ ಹುಟ್ಟಿದ್ದೇ ರೈಲ್ವೆ ಸೇತುವೆಗಳಿಂದ. 1840ರ ದಶಕದಲ್ಲಿ ರಷ್ಯಾದಲ್ಲಿ ಪೀಟರ್ಸ್‌ಬರ್ಗ್‌ನಿಂದ ಮಾಸ್ಕೋಗೆ ರೈಲು ಹಾದಿ ಹಾಕುತ್ತಿದ್ದರು. ಆಗ ಸೇತುವೆಗಳಿಗೆ ಮರವೇ ಗತಿ. 1821ರಲ್ಲಿ ಹುಟ್ಟಿದ ದ್ಮಿತ್ರಿ ಜುರಾವ್‌ಸ್ಕಿ ಎಂಬ ಎಂಜಿನಿಯರ್ ಓದು ಮುಗಿಸಿದ ಕೆಲವೇ ವರ್ಷಗಳಲ್ಲಿ, 1844ರಲ್ಲಿ, ಆ ಕೆಲಸಕ್ಕೆ ಸೇರಿದ. ದೊಡ್ಡ ಎತ್ತರದ ತೊಲೆ ಬೇಕಾದಾಗ ಒಂದೇ ಮರದಲ್ಲಿ ಅದು ಸಿಗುವುದಿಲ್ಲ, ಹಲವು ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ ಬಿಗಿಯಬೇಕು. ಮರವಂತೂ ನಾರಿನ ಉದ್ದಕ್ಕೆ ಸುಲಭವಾಗಿ ಸೀಳುವ ವಸ್ತು. ಅಡ್ಡಕ್ಕೆ ಕತ್ತರಿಸುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ ಎಂಬುದು ಕೊಡಲಿ ಹಿಡಿದವರಿಗೆಲ್ಲ ಗೊತ್ತು. ಆಗಿನ ಪುಸ್ತಕಗಳು ತೊಲೆಯ ಮೇಲೆ ಕೆಳಗೆ ಬೀಳುವ ಬಾಗುವಿಕೆಯ ಒತ್ತಡವನ್ನು ಚೆನ್ನಾಗಿ ಲೆಕ್ಕ ಹಾಕುತ್ತಿದ್ದವು, ಆದರೆ ಉದ್ದುದ್ದಕ್ಕೆ ಜಾರಿಸುವ ಬಲವನ್ನು ಅಳೆಯಲು ಕೈಗೆ ಸಿಗುವ ವಿಧಾನವಿರಲಿಲ್ಲ. ಜುರಾವ್‌ಸ್ಕಿ ನಾವು ಮೇಲೆ ಮಾಡಿದ ಹಾಗೆಯೇ ತೊಲೆಯ ತುಂಡನ್ನು ಕತ್ತರಿಸಿ, ಎರಡು ಕೊನೆಗಳ ಬಲದ ವ್ಯತ್ಯಾಸವನ್ನು ನಡುವಿನ ಸಮತಲದಲ್ಲಿ ಹುಡುಕಿ ತೆಗೆದ. ಈ ಕೆಲಸಕ್ಕೆ 1855ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿ ಅವನಿಗೆ ಡೆಮಿಡೋವ್ ಬಹುಮಾನ ಕೊಟ್ಟಿತು. ಮರುವರ್ಷ ಅದು ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಗಿ ಯುರೋಪಿನ ಉಳಿದವರ ಕಣ್ಣಿಗೂ ಬಿತ್ತು.

ಲೆಕ್ಕ ಕೈಗೆ ಬಂದ ಮೇಲೆ ಜುರಾವ್‌ಸ್ಕಿ ತಿರುಗಿ ನೋಡಿದ್ದು ಆ ಕಾಲದ ಅತಿ ಹೆಸರುವಾಸಿ ಪೆಟ್ಟಿಗೆ ತೊಲೆಗಳ ಕಡೆಗೆ. ವೇಲ್ಸ್‌ನಲ್ಲಿ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿಸಿದ ಕಾನ್‌ವೇ ಸೇತುವೆ 1848ರಲ್ಲಿ, ಬ್ರಿಟಾನಿಯಾ ಸೇತುವೆ 1850ರಲ್ಲಿ ಓಡಾಟಕ್ಕೆ ಬಂದಿದ್ದವು. ಎರಡೂ ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ ದೈತ್ಯ ಪೆಟ್ಟಿಗೆಗಳು. ಪೆಟ್ಟಿಗೆಯ ಹೊಟ್ಟೆಯೊಳಗೇ ರೈಲು ಹೋಗುತ್ತಿತ್ತು. ಬ್ರಿಟಾನಿಯಾದ ನಡುವಿನ ಎರಡು ಕಮಾನಿಲ್ಲದ ಅಂತರಗಳು ತಲಾ 460 ಅಡಿ. ವಿಲಿಯಂ ಫೇರ್‌ಬೇರ್ನ್ ಮತ್ತು ಈಟನ್ ಹಾಡ್ಜ್‌ಕಿನ್‌ಸನ್ ಚಿಕ್ಕ ಮಾದರಿಗಳನ್ನು ಮುರಿಯುವ ತನಕ ಭಾರ ಹೇರಿ, ಮೇಲಿನ ತಗಡು ಸೊಟ್ಟಗಾಗುವುದನ್ನು ತಡೆಯುವ ಬಗೆ ಕಂಡುಕೊಂಡು, ಆಮೇಲೆ ಈ ಪೆಟ್ಟಿಗೆಗಳ ಆಕಾರ ನಿಗದಿ ಮಾಡಿದ್ದರು. ಅಷ್ಟು ಹುಷಾರಿನ ಕೆಲಸದಲ್ಲೂ ರಿವೆಟ್‌ಗಳು ಮಾತ್ರ ತುದಿಯಿಂದ ತುದಿಗೆ ಒಂದೇ ಅಂತರದಲ್ಲಿ ಕೂತಿದ್ದವು. ಶಿಯರ್ ತುದಿಯಲ್ಲಿ ಹೆಚ್ಚು, ನಡುವೆ ಕಡಿಮೆ ಇರುವಾಗ ಇದು ಸರಿಯಲ್ಲ ಎಂಬುದು ಜುರಾವ್‌ಸ್ಕಿಯ ಆಕ್ಷೇಪಣೆ.

ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಸ್ಟೀಫನ್‌ಸನ್ನನ ಕಡೆಯವರಿಗೂ ಒಂದು ಮಾತು ಹೇಳಲಿಕ್ಕಿದೆ. ಕಾನ್‌ವೇ ಸೇತುವೆಯ ತಗಡುಗಳಿಗೆ ರಂಧ್ರ ಹೊಡೆಯಲು ಮ್ಯಾಂಚೆಸ್ಟರಿನ ರಿಚರ್ಡ್ ರಾಬರ್ಟ್ಸ್ 1847ರಲ್ಲಿ ಒಂದು ಯಂತ್ರ ಮಾಡಿಕೊಟ್ಟಿದ್ದ. ನಮ್ಮ ರೇಷ್ಮೆ ಮಗ್ಗಗಳ ಮೇಲೂ ಕಾಣುವ ಜಕಾರ್ಡ್ ತತ್ವದಲ್ಲಿ ನಡೆಯುವ ಆ ಯಂತ್ರ ಒಂದೇ ಏಟಿಗೆ ಸಾಲು ರಂಧ್ರಗಳನ್ನು ಹೊಡೆಯುತ್ತಿತ್ತು. ಸಾವಿರಾರು ತಗಡುಗಳಿಗೆ ಒಂದೇ ಅಂತರ ಇಟ್ಟರೆ ಕೆಲಸಗಾರರ ಕೈ ತಪ್ಪುವುದಿಲ್ಲ, ಯಾವ ತಗಡು ಎಲ್ಲಿಗೆ ಎಂಬ ಗೊಂದಲವೂ ಇಲ್ಲ. ಇವತ್ತಿಗೂ ಫ್ಯಾಬ್ರಿಕೇಶನ್ ಶಾಪುಗಳಲ್ಲಿ ಇದೇ ಲೆಕ್ಕಾಚಾರ ನಡೆಯುತ್ತದೆ. ಅಂತರವನ್ನು ಎರಡು ಮೂರು ಮೆಟ್ಟಿಲಾಗಿ ಮಾತ್ರ ಬದಲಾಯಿಸುತ್ತಾರೆ, ಸೂತ್ರ ಹೇಳಿದ ಹಾಗೆ ಪ್ರತಿ ಬೋಲ್ಟಿಗೂ ಬೇರೆ ಅಂತರ ಇಡುವವರು ಯಾರೂ ಇಲ್ಲ.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ನಡುವೆ ಶಿಯರ್ ಸೊನ್ನೆ ಎಂಬುದು ಇಡೀ ತೊಲೆಯ ಮೇಲೆ ಭಾರ ಸಮನಾಗಿ ಹರಡಿರುವಾಗ ಮಾತ್ರ ನಿಜ. ರೈಲು ಸೇತುವೆಯ ಅರ್ಧಕ್ಕೆ ಬಂದಿರುವಾಗ, ಅಂದರೆ ಒಂದರ್ಧದ ಮೇಲೆ ಭಾರವಿದ್ದು ಇನ್ನೊಂದರ್ಧ ಖಾಲಿಯಿರುವಾಗ, ನಡುವಿನಲ್ಲೂ ಶಿಯರ್ ಬರುತ್ತದೆ. ಅದು ತುದಿಯ ಗರಿಷ್ಠದ ನಾಲ್ಕನೇ ಒಂದು ಪಾಲು. ನಮ್ಮ ಅಟ್ಟದ ತೊಲೆಗೆ ಇದನ್ನು ಅನ್ವಯಿಸಿದರೆ, ಮೂಟೆಗಳನ್ನು ಒಂದು ಪಕ್ಕಕ್ಕೇ ಪೇರಿಸಿದಾಗ ನಡುವೆ 100 ಕೆ.ಜಿ. ಶಿಯರ್ ಇರುತ್ತದೆ, ಅಲ್ಲಿ 245 ಮಿ.ಮೀ.ಗಾದರೂ ಒಂದು ಸ್ಕ್ರೂ ಬೇಕು. ಗೋಡೆಯಿಂದ ಒಂದು ಮೀಟರಿನ ಜಾಗಕ್ಕೂ ಈ ಬಗೆಯ ಭಾರ ಸ್ವಲ್ಪ ಹೆಚ್ಚು ಕಟುವಾಗಿಯೇ ಬೀಳುತ್ತದೆ. ಅಲ್ಲಿ 120 ಮಿ.ಮೀ. ಬದಲಿಗೆ 105 ಇಟ್ಟರೆ ನಿಶ್ಚಿಂತೆ. ಬ್ರಿಟಾನಿಯಾದಂತಹ ಸೇತುವೆಯಲ್ಲಿ ಪೆಟ್ಟಿಗೆಯ ಸ್ವಂತ ತೂಕವೇ ಅಗಾಧವಾಗಿತ್ತು, ಹಾಗಾಗಿ ಜುರಾವ್‌ಸ್ಕಿಯ ಟೀಕೆ ಅಲ್ಲಿ ಹೆಚ್ಚು ನಾಟುತ್ತದೆ. ಹಗುರ ತೊಲೆ, ಓಡಾಡುವ ಭಾರ ಇರುವಲ್ಲಿ ನಡುವನ್ನು ಅಷ್ಟು ಸಲೀಸಾಗಿ ಬರಿದು ಬಿಡಬಾರದು.

ಈಗ ಮತ್ತೆ ನಮ್ಮ ಹಲಗೆಗಳಿಗೆ ಬರೋಣ. ಪೆಟ್ಟಿಗೆಯನ್ನು ಇನ್ನೊಂದು ಬಗೆಯಲ್ಲೂ ಕೂಡಿಸಬಹುದು. ನಿಂತ ಹಲಗೆಗಳನ್ನು 200 ಮಿ.ಮೀ. ಪೂರ್ಣ ಎತ್ತರಕ್ಕೆ ಇಟ್ಟು, ಮೇಲಿನ ಕೆಳಗಿನ ಹಲಗೆಗಳನ್ನು 100 ಮಿ.ಮೀ. ಅಗಲಕ್ಕೆ ಕೊಯ್ದು ಅವುಗಳ ನಡುವೆ ಸಿಕ್ಕಿಸಿ, ಸ್ಕ್ರೂಗಳನ್ನು ಪಕ್ಕದಿಂದ ಹೊಡೆಯುವುದು. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಅದೇ, 160ಕ್ಕೆ 200. ಮರದ ಒಟ್ಟು ಪ್ರಮಾಣವೂ ಅದೇ. I ಕೂಡ ಒಂದಿಷ್ಟೂ ಬದಲಾಗಿಲ್ಲ. ಕೂಡುಗೆರೆಯ ಜಾಗ ಬದಲಾಗಿದೆ, ಅಷ್ಟೇ. ಆದರೆ ಈಗ ಜಾರಬಹುದಾದ ಹಲಗೆ 160 ಅಗಲದ್ದಲ್ಲ, 100 ಅಗಲದ್ದು. Q 2,55,000ಕ್ಕೆ ಇಳಿಯುತ್ತದೆ. ಗೋಡೆಯ ಬಳಿ 60 ಮಿ.ಮೀ. ಇದ್ದ ಅಂತರ 95 ಮಿ.ಮೀ.ಗೆ ಏರುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸ್ಕ್ರೂ ಉಳಿಯಿತು.

ನನ್ನ ಮಟ್ಟಿಗೆ ಈ ಎರಡನೆಯ ಜೋಡಣೆಯೇ ಮೇಲು, ಅದಕ್ಕೆ ಉಳಿಯುವ ಸ್ಕ್ರೂ ಕಾರಣವಲ್ಲ. ಒಂದು ವೇಳೆ ಸ್ಕ್ರೂಗಳು ಸಡಿಲಾಗಿ ಹಲಗೆಗಳು ಪೂರ್ತಿ ಬಿಡಿಯಾದರೂ 200 ಎತ್ತರದ ಎರಡು ನಿಂತ ಹಲಗೆಗಳು ತಮ್ಮಷ್ಟಕ್ಕೆ ಸಾಕಷ್ಟು ಬಿಗಿಯಾಗಿವೆ. ಆಗ ಜೋಲು 16 ಮಿ.ಮೀ.ಗೆ ನಿಲ್ಲುತ್ತದೆ, ಮೊದಲನೆಯ ಜೋಡಣೆಯಲ್ಲಿ ಅದು 46. ಸ್ಕ್ರೂ ಹಾಕುವವರ ಕೈ ಎಷ್ಟು ಹುಷಾರು ಎಂದು ಗೊತ್ತಿಲ್ಲದಿದ್ದಲ್ಲಿ ಈ ಆಕಾರ ನಮ್ಮನ್ನು ಕೈಬಿಡುವುದಿಲ್ಲ. ಎರಡೂ ಜೋಡಣೆಗಳಲ್ಲಿ ಸ್ಕ್ರೂ ಹೋಗುವುದು 30 ಮಿ.ಮೀ. ದಪ್ಪದ ಅಂಚಿನೊಳಕ್ಕೆ, ಅಂಚಿನಿಂದ 15 ಮಿ.ಮೀ. ಅಷ್ಟೇ ದೂರ. ಮೊದಲು ಡ್ರಿಲ್ ಹಾಕಿ ರಂಧ್ರ ಮಾಡದೆ ಸ್ಕ್ರೂ ತಿರುವಿದರೆ ಅಂಚು ಸೀಳಬಹುದು. ಸೀಳಿದ ಅಂಚಿನಲ್ಲಿ ಕೂತ ಸ್ಕ್ರೂವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಭಾರ ಹೆಚ್ಚಾಗಿ ಲೆಕ್ಕ ಹಾಕಿದ ಅಂತರ 30 ಅಥವಾ 40 ಮಿ.ಮೀ.ಗೆ ಇಳಿದುಬಿಟ್ಟರೆ ಅಷ್ಟು ಒತ್ತಾಗಿ ಒಂದೇ ಸಾಲಿನಲ್ಲಿ ಹೊಡೆಯುವುದು ಬೇಡ, ನಾರಿನ ಉದ್ದಕ್ಕೆ ಬಿರುಕು ಓಡುತ್ತದೆ. ಆಗ ನಿಂತ ಹಲಗೆಯನ್ನೇ ದಪ್ಪ ಮಾಡಿ ಎರಡು ಸಾಲು ಸ್ಕ್ರೂ ಹಾಕಬೇಕು, ಇಲ್ಲವೆ ತೊಲೆಯ ಎತ್ತರ ಹೆಚ್ಚಿಸಬೇಕು.

ಉಕ್ಕಿನ ತಗಡುಗಳ ಪೆಟ್ಟಿಗೆಗೂ ಸೂತ್ರ ಇದೇ. ಮೂಲೆಗೆ ಆಂಗಲ್ ಇಟ್ಟು ಬೋಲ್ಟ್ ಹಾಕಿದರೆ ಬೋಲ್ಟಿನ ಅಂತರ, ಬಿಟ್ಟುಬಿಟ್ಟು ವೆಲ್ಡಿಂಗ್ ಮಾಡಿದರೆ ವೆಲ್ಡಿನ ಉದ್ದ ಮತ್ತು ನಡುವಿನ ಖಾಲಿ. ಆದರೆ ಉಕ್ಕಿನಲ್ಲಿ ಸೂತ್ರ ಹೇಳುವ ಅಂತರ ಬಹಳ ಸಲ ತೀರಾ ದೊಡ್ಡದಾಗಿ ಬರುತ್ತದೆ, ಬೋಲ್ಟ್ ಅಷ್ಟು ಗಟ್ಟಿ. ಅಲ್ಲಿ ಬೇರೊಂದು ಮಿತಿ ಅಡ್ಡ ಬರುತ್ತದೆ. ಮೇಲಿನ ತಗಡು ಒತ್ತಡದಲ್ಲಿರುವುದರಿಂದ ಎರಡು ಬೋಲ್ಟುಗಳ ನಡುವೆ ಉಬ್ಬಿ ಮೇಲೇಳಬಹುದು, ಎದ್ದ ಸಂದಿಯಲ್ಲಿ ನೀರು ಸೇರಿ ತುಕ್ಕು ಹಿಡಿಯಬಹುದು. ಅದಕ್ಕೇ ನಮ್ಮ ದೇಶದ ಉಕ್ಕಿನ ಕಟ್ಟಡಗಳ ನಿಯಮ IS 800:2007, ಒತ್ತಡದ ಭಾಗದಲ್ಲಿ ಬೋಲ್ಟುಗಳ ಅಂತರ ತಗಡಿನ ದಪ್ಪದ 12 ಪಟ್ಟು ಅಥವಾ 200 ಮಿ.ಮೀ., ಯಾವುದು ಕಡಿಮೆಯೋ ಅದನ್ನು ಮೀರಬಾರದು ಎನ್ನುತ್ತದೆ. ಎಳೆತದ ಭಾಗಕ್ಕೆ 16 ಪಟ್ಟು. 10 ಮಿ.ಮೀ. ತಗಡಿಗೆ ಮೇಲೆ 120 ಮಿ.ಮೀ. ಎಂದಾಯಿತು. ಶಿಯರ್ ಲೆಕ್ಕ 300 ಮಿ.ಮೀ. ಸಾಕು ಎಂದು ಹೇಳಿದರೂ ಇಡಬೇಕಾದ್ದು 120. ಕಡಿಮೆಯ ಮಿತಿಯೂ ಇದೆ: ಬೋಲ್ಟಿನ ವ್ಯಾಸದ ಎರಡೂವರೆ ಪಟ್ಟಿಗಿಂತ ಹತ್ತಿರ ಹಾಕುವ ಹಾಗಿಲ್ಲ.

ಸ್ಕ್ರೂ ಹಾಕಿದ ಮರದ ತೊಲೆ ಎಷ್ಟೇ ಚೆನ್ನಾಗಿದ್ದರೂ ಅಂಟಿಸಿದ ತೊಲೆಯ 8 ಮಿ.ಮೀ.ಗೆ ಬಂದು ನಿಲ್ಲುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಸ್ಕ್ರೂ ಹೊರೆ ಹೊರಲು ಮರದೊಳಗೆ ಕೂದಲೆಳೆಯಷ್ಟಾದರೂ ಒತ್ತಿಕೊಂಡು ಸರಿಯಲೇ ಬೇಕು. ಸಾಲಿನ ಎಲ್ಲ ಸ್ಕ್ರೂಗಳೂ ಹಾಗೆ ಸರಿದಾಗ ತೊಲೆಯ ಜೋಲು 8ಕ್ಕೂ 46ಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಸೂತ್ರದಿಂದ ಬಂದ ಅಂತರ ಸ್ಕ್ರೂ ಮುರಿಯದಂತೆ ಕಾಯುತ್ತದೆ, ಆದರೆ ಜೋಲಿಗೆ ಅದೊಂದೇ ಖಾತರಿಯಲ್ಲ. ಜೋಲು ತೀರಾ ಕಡಿಮೆ ಬೇಕಾದಲ್ಲಿ ಬಡಗಿಗಳು ಸ್ಕ್ರೂ ಜೊತೆಗೆ ಅಂಟನ್ನೂ ಹಚ್ಚುವುದು ಇದಕ್ಕೇ.

ಕೂಡುಗೆರೆ ಸೋಲುತ್ತಿದೆಯೇ ಎಂದು ತಿಳಿಯಲು ತೊಲೆಯ ನಡುವನ್ನು ನೋಡಿ ಪ್ರಯೋಜನವಿಲ್ಲ, ಸಮನಾಗಿ ಹರಡಿದ ಭಾರಕ್ಕೆ ಅಲ್ಲಿ ಜಾರುವಿಕೆ ಇರುವುದೇ ಇಲ್ಲ. ನೋಡಬೇಕಾದ್ದು ತುದಿಗಳನ್ನು. ಭಾರ ಹೇರುವ ಮೊದಲೇ ತುದಿಯಿಂದ ಒಂದು ಗೇಣಿನ ಆಸುಪಾಸಿನಲ್ಲಿ, ಮಲಗಿದ ಹಲಗೆಯ ಅಂಚು ಮತ್ತು ನಿಂತ ಹಲಗೆಯ ಮುಖ ಎರಡನ್ನೂ ದಾಟುವಂತೆ ಒಂದು ನೇರ ಪೆನ್ಸಿಲ್ ಗೆರೆ ಎಳೆದಿಟ್ಟರೆ ಆಮೇಲೆ ಅದೇ ಅಳತೆಗೋಲಾಗುತ್ತದೆ. ಗೆರೆ ಕೂಡುವ ಜಾಗದಲ್ಲಿ ತುಂಡಾಗಿ ಮೆಟ್ಟಿಲು ಬಿದ್ದಿದ್ದರೆ ಹಲಗೆಗಳು ಜಾರಿವೆ. ಮೆಟ್ಟಿಲು ಒಂದು ಮಿ.ಮೀ. ಒಳಗಿದ್ದು ವಾರಗಟ್ಟಲೆ ಹಾಗೇ ಇದ್ದರೆ ಅದು ಮರ ಹೊರೆ ಹೊರುವ ಸಹಜ ರೀತಿ. ದಿನೇ ದಿನೇ ಬೆಳೆಯುತ್ತಿದ್ದರೆ, ಸ್ಕ್ರೂವಿನ ತಲೆ ಓರೆಯಾಗಿ ಒಂದು ಪಕ್ಕ ಮರದೊಳಗೆ ಹೂತಿದ್ದರೆ, ಅಂತರ ಹೆಚ್ಚಾಯಿತು ಎಂದೇ ಅರ್ಥ. ಹಳೆಯ ರಿವೆಟ್ ಸೇತುವೆಗಳಲ್ಲಿ ಪರೀಕ್ಷಕರು ಇದನ್ನೇ ರಿವೆಟ್ ತಲೆಯ ಸುತ್ತ ಸೋರಿದ ಕೆಂಪು ತುಕ್ಕಿನ ಗೆರೆಯಿಂದಲೂ ಸಣ್ಣ ಸುತ್ತಿಗೆಯ ಏಟಿಗೆ ಬರುವ ಮಬ್ಬು ಸದ್ದಿನಿಂದಲೂ ಗುರುತಿಸುತ್ತಾರೆ.

ಹಾಗೆ ಜಾರಿದ ತೊಲೆಗೆ ಮೇಲಿಂದ ಮೇಲೆ ಸ್ಕ್ರೂ ಬಿಗಿದುಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ಹೊಸ ಸ್ಕ್ರೂ ಬಂದ ಮೇಲೆ ಬೀಳುವ ಭಾರಕ್ಕೆ ಮಾತ್ರ ಅದು ಎದುರು ನಿಲ್ಲುತ್ತದೆ. ಆಗಲೇ ಜಾರಿದ್ದನ್ನು ಅದು ಹಾಗೆಯೇ ಗಟ್ಟಿಮಾಡಿ ಇಟ್ಟುಕೊಳ್ಳುತ್ತದೆ. ಮೊದಲು ಅಟ್ಟದ ಸಾಮಾನು ಇಳಿಸಿ, ನಡುವೆ ಜಾಕ್ ಕೊಟ್ಟು ತೊಲೆಯನ್ನು ಪೆನ್ಸಿಲ್ ಗೆರೆ ಮತ್ತೆ ಕೂಡುವ ತನಕ ಎತ್ತಬೇಕು. ಆಮೇಲೆ ತುದಿಗಳ ಮೊದಲ ಒಂದು ಮೀಟರಿನಲ್ಲಿ ಹಳೆಯ ಸ್ಕ್ರೂಗಳ ನಡುವಿನ ಖಾಲಿ ಜಾಗಕ್ಕೆ ಡ್ರಿಲ್ ಹಾಕಿ ಹೊಸವನ್ನು ಬಿಗಿದು, ಕೊನೆಗೆ ಜಾಕ್ ಇಳಿಸಬೇಕು.